ಕಂಬಳಿಹುಳದ ಕೂದಲೋ, ಗಿಡದ ಸೊನೆಯೋ: ಗೆರೆಗೆರೆಯಾಗಿ ಎದ್ದ ತುರಿಕೆಯನ್ನು ತೊಳೆಯುವುದು, ತಣಿಸುವುದು

ಬೇಲಿ ಸವರಿಯೋ, ಕೊಂಬೆ ಕಡಿದೋ ಬಂದ ಮೇಲೆ ಮುಂಗೈ ಮೇಲೆ ಕೆಂಪು ಗೆರೆಗಳೆದ್ದು ತುರಿಸತೊಡಗಿದರೆ ಕೈ ತಾನಾಗಿಯೇ ಮಾಡುವ ಮೊದಲ ಕೆಲಸ ಉಜ್ಜಿಕೊಳ್ಳುವುದು. ಗೆರೆ ಎದ್ದದ್ದು ಕಂಬಳಿಹುಳದ ಕೂದಲಿನಿಂದಾದರೆ ಹಾಗೆ ಉಜ್ಜಿದ್ದೇ ಅರ್ಧ ಕಾಯಿಲೆ. ಒಂದೊಂದು ಕೂದಲೂ ಇನ್ನಷ್ಟು ಒಳಗಿಳಿಯುತ್ತದೆ, ಮುರಿಯುತ್ತದೆ, ಪಕ್ಕದ ಚರ್ಮಕ್ಕೂ ಹರಡುತ್ತದೆ. ಅದೇ ಚರ್ಮಕ್ಕೆ ಹತ್ತಿದ್ದು ಗೇರು, ಕೇರು, ಮಾವಿನಂಥ ಗಿಡದ ಸೊನೆಯಾದರೆ, ಸೋಪು ಹಚ್ಚಿ ಬಟ್ಟೆಯಿಂದ ಉಜ್ಜಿ ತೆಗೆಯದೆ ಬೇರೆ ದಾರಿಯಿಲ್ಲ. ಸುಮ್ಮನೆ ನೀರು ಸುರಿದರೆ ಸೊನೆ ಕದಲುವುದಿಲ್ಲ. ಹೀಗೆ ಎರಡಕ್ಕೂ ಮೊದಲ ಹೆಜ್ಜೆ ಒಂದಕ್ಕೊಂದು ವಿರುದ್ಧ. ಆದ್ದರಿಂದ ಮುಲಾಮು ಹುಡುಕುವ ಮೊದಲು ಚರ್ಮದ ಮೇಲೆ ಕೂತಿರುವುದು ಏನು ಎಂದು ತಿಳಿದುಕೊಳ್ಳಬೇಕು.

ಗಡಿಯಾರ ನೋಡಿದರೆ ಅರ್ಧ ಗೊತ್ತಾಗುತ್ತದೆ

ಗೆರೆಯ ಆಕಾರದಿಂದ ಕಾರಣ ಹೇಳುವುದು ಕಷ್ಟ. ಹುಳ ಹರಿದ ದಾರಿಯಲ್ಲೂ ಗೆರೆ ಏಳುತ್ತದೆ, ಕೊಂಬೆ ಸವರಿಕೊಂಡು ಹೋದ ಕಡೆಯೂ ಏಳುತ್ತದೆ, ಸೊನೆ ಇಳಿದು ಹರಿದ ಜಾಡಿನಲ್ಲೂ ಏಳುತ್ತದೆ. ಹೆಚ್ಚು ನಂಬಬಹುದಾದ ಸುಳಿವು ಸಮಯ. ಗಿಡದ ಹತ್ತಿರ ಹೋದದ್ದು ಯಾವಾಗ, ತುರಿಕೆ ಶುರುವಾದದ್ದು ಯಾವಾಗ ಎಂದು ಲೆಕ್ಕ ಹಾಕಿ.

ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಚುರುಚುರು ತುರಿಕೆ ಶುರುವಾಗಿ, ಗುಂಡುಸೂಜಿಯ ತಲೆಯಷ್ಟು ಸಣ್ಣ ಕೆಂಪು ಗುಳ್ಳೆಗಳೋ ಗಂದೆಗಳೋ ಎದ್ದಿದ್ದರೆ ಕಂಬಳಿಹುಳದ ಮೇಲೆ ಅನುಮಾನ ಪಡಬೇಕು. ಹುಳ ಮೈಮೇಲೆ ಹರಿದಿರಲೇಬೇಕು ಎಂದೇನಿಲ್ಲ. ಉದುರಿದ ಕೂದಲು ಗಾಳಿಯಲ್ಲಿ ತೇಲಿ ಬಂದು ಕತ್ತಿನ ಮೇಲೆ, ಕಾಲರ್‌ನ ಅಂಚಿನಲ್ಲಿ, ಸೊಂಟಪಟ್ಟಿಯ ಕೆಳಗೆ ಕೂರುತ್ತದೆ. ಬಟ್ಟೆ ಒತ್ತಿಕೊಳ್ಳುವ ಜಾಗದಲ್ಲೇ ದದ್ದು ಗುಂಪಾಗಿ ಎದ್ದಿದ್ದರೆ ಹುಳವನ್ನೇ ನೋಡದಿದ್ದರೂ ಇದು ಕೂದಲಿನ ಕೆಲಸ ಎನ್ನಬಹುದು.

ಮುಟ್ಟಿದ ದಿನ ಏನೂ ಇಲ್ಲದೆ, 12 ಗಂಟೆಯಿಂದ ಎರಡು ಮೂರು ದಿನದೊಳಗೆ ಗೆರೆಗಳೆದ್ದು ಊದಿಕೊಂಡು ಅದರ ಮೇಲೆ ನೀರ್ಗುಳ್ಳೆಗಳ ಸಾಲು ಬಂದರೆ ಅದು ಸೊನೆಯ ಅಲರ್ಜಿ. ಗೇರು, ಕೇರು, ಮಾವು, ಅಮೆರಿಕದ ಪಾಯ್ಸನ್ ಐವಿ ಎಲ್ಲವೂ ಒಂದೇ ಸಸ್ಯಕುಟುಂಬದವು. ಇವುಗಳ ಸೊನೆಯಲ್ಲಿ ಉರುಶಿಯಾಲ್ ಎಂಬ ಎಣ್ಣೆಯೋ ಅದರ ಹತ್ತಿರದ ಬಂಧುಗಳೋ ಇರುತ್ತವೆ. ಹಿಂದೆಂದೂ ಇವು ತಾಗದವರಿಗೆ ಮೊದಲ ಸಲ ದದ್ದು ಏಳಲು ಒಂದು ವಾರದಿಂದ ಮೂರು ವಾರ ಹಿಡಿಯುವುದೂ ಉಂಟು. ಅಷ್ಟು ಹೊತ್ತಿಗೆ ಗಿಡದ ನೆನಪೇ ಇರುವುದಿಲ್ಲ, ನಿನ್ನೆ ತಿಂದದ್ದನ್ನೋ ಹೊಸ ಸೋಪನ್ನೋ ಬೈದುಕೊಂಡು ಕೂರುತ್ತೇವೆ.

ತುರಿಕೆಗಿಂತ ಉರಿಯೇ ಜೋರಾಗಿದ್ದರೆ ಇನ್ನು ಮೂರು ಸಾಧ್ಯತೆಗಳಿವೆ. ಕಳ್ಳಿ, ಎಕ್ಕದಂಥ ಗಿಡಗಳ ಬಿಳಿ ಹಾಲು ತಾಗಿದ ಕಡೆಯೇ ಚರ್ಮವನ್ನು ಕೆರಳಿಸುತ್ತದೆ, ಅದಕ್ಕೆ ಅಲರ್ಜಿ ಇರಬೇಕಾಗಿಲ್ಲ. ನಿಂಬೆ ಜಾತಿಯ ರಸ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಮಾರು ಒಂದು ದಿನ ಕಳೆದು ಸುಟ್ಟಂತೆ ಕೆಂಪಾಗಿ, ಎರಡು ಮೂರನೆಯ ದಿನಕ್ಕೆ ಉಲ್ಬಣಿಸಿ, ಆಮೇಲೆ ರಸ ಹರಿದ ಗೆರೆಯಲ್ಲೇ ಕಂದು ಕಲೆ ಉಳಿಯುತ್ತದೆ. ಮೂರನೆಯದು ಗಿಡವೂ ಅಲ್ಲ, ಕಂಬಳಿಹುಳವೂ ಅಲ್ಲ. ರಾತ್ರಿ ದೀಪಕ್ಕೆ ಬರುವ, ಕಿತ್ತಳೆ ಕಪ್ಪು ಪಟ್ಟೆಯ, ಇರುವೆಯಂತೆ ಕಾಣುವ ಸಣ್ಣ ಜೀರುಂಡೆಯನ್ನು ನಿದ್ದೆಗಣ್ಣಲ್ಲಿ ಕತ್ತಿನ ಮೇಲೆ ಹೊಸಕಿದರೆ ಸುಮಾರು ಒಂದು ದಿನದ ನಂತರ ಚಾಟಿಯೇಟಿನಂಥ ಉರಿಯುವ ಗೆರೆ ಮೂಡುತ್ತದೆ. ಇದಕ್ಕೂ ಸೋಪುನೀರಿನ ತೊಳೆತವೇ ಆರಂಭ.

ಕೂದಲಾದರೆ: ಮೊದಲು ಅಂಟುಪಟ್ಟಿ, ಆಮೇಲೆ ನೀರು

ಕಂಬಳಿಹುಳದ ಮೈಮೇಲೆ ಎದ್ದು ಕಾಣುವ ಉದ್ದ ಕೂದಲೇ ತುರಿಸುತ್ತದೆ ಎಂದುಕೊಳ್ಳುವವರು ಹೆಚ್ಚು. ಎಷ್ಟೋ ಜಾತಿಗಳಲ್ಲಿ ನಿಜವಾದ ತೊಂದರೆ ಕೊಡುವುದು ಅದರ ನಡುವೆ ಇರುವ, ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟೇ ಉದ್ದದ, ಬರಿಗಣ್ಣಿಗೆ ಕಾಣದ ರೋಮ. ಅದರ ಮೈಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ. ಹಾಗಾಗಿ ಒತ್ತಿದಷ್ಟೂ ಒಳಕ್ಕೆ ಹೋಗುತ್ತದೆಯೇ ಹೊರತು ತಾನಾಗಿ ಹೊರಬರುವುದಿಲ್ಲ. ಒಳಗೆ ಮುರಿದಾಗ ಅದರಲ್ಲಿನ ಪ್ರೋಟೀನುಗಳು ಚರ್ಮದ ಕೋಶಗಳನ್ನು ಕೆರಳಿಸಿ, ತುರಿಕೆ ತರುವ ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತವೆ. ಕಣ್ಣಿಗೆ ಕಾಣುವ ಕೂದಲನ್ನೆಲ್ಲ ಚಿಮುಟದಿಂದ ಕಿತ್ತಮೇಲೂ ತುರಿಕೆ ನಿಲ್ಲದಿರುವುದು ಇದೇ ಕಾರಣಕ್ಕೆ.

ಹುಳ ಇನ್ನೂ ಮೈಮೇಲಿದ್ದರೆ ಕೈಯಿಂದ ತಟ್ಟಬೇಡಿ, ಊದಬೇಡಿ. ಒಂದು ಕಡ್ಡಿಯನ್ನೋ ಗಟ್ಟಿ ಕಾಗದವನ್ನೋ ಅದರ ಕೆಳಗೆ ತೂರಿಸಿ ಎತ್ತಿ ಹಾಕಿ. ಚರ್ಮದ ಮೇಲೆ ಎಳೆದರೆ ಎಳೆದಷ್ಟು ದೂರವೂ ಕೂದಲು ನೆಡುತ್ತದೆ. ಆಮೇಲೆ ನಿಂತಲ್ಲೇ ಅಂಗಿ ಬಿಚ್ಚಿ. ತಲೆಯ ಮೇಲಿಂದ ಎಳೆದು ತೆಗೆಯುವ ಟೀ ಶರ್ಟ್ ಆಗಿದ್ದರೆ ಅದು ಮುಖ ಸವರಿಕೊಂಡೇ ಹೋಗುತ್ತದೆ, ಹಳೆಯದಾದರೆ ಕತ್ತರಿಸಿ ತೆಗೆಯುವುದೇ ಲೇಸು. ಇಲ್ಲವೇ ಕಣ್ಣು ಬಾಯಿ ಮುಚ್ಚಿಕೊಂಡು, ಕೊರಳನ್ನು ಎರಡೂ ಕೈಯಿಂದ ಅಗಲಿಸಿ, ಮುಖಕ್ಕೆ ತಾಗದಂತೆ ಮೆಲ್ಲಗೆ ತೆಗೆಯಿರಿ.

ಈಗ ಅಂಟುಪಟ್ಟಿಯ ಕೆಲಸ. ಚರ್ಮ ಒಣಗಿರಬೇಕು, ಒದ್ದೆ ಚರ್ಮಕ್ಕೆ ಟೇಪು ಹಿಡಿಯುವುದಿಲ್ಲ, ನೀರು ಆಮೇಲೆ ಎನ್ನುವುದಕ್ಕೆ ಇದೇ ಕಾರಣ. ಮನೆಯಲ್ಲಿರುವ ಸೆಲ್ಲೋಟೇಪ್, ಪಾರ್ಸೆಲ್ ಟೇಪ್, ಗಾಯಕ್ಕೆ ಹಾಕುವ ಪ್ಲಾಸ್ಟರ್ ಯಾವುದಾದರೂ ಸರಿ.

1. ಐದಾರು ಸೆಂಟಿಮೀಟರ್ ಉದ್ದದ ತುಂಡುಗಳನ್ನು ಮೊದಲೇ ಕತ್ತರಿಸಿ ಮೇಜಿನಂಚಿಗೆ ಅಂಟಿಸಿಟ್ಟುಕೊಳ್ಳಿ.
2. ಒಂದು ತುಂಡನ್ನು ದದ್ದಿನ ಮೇಲೆ ಹಗುರವಾಗಿ ಇಡಿ. ಅಂಟು ಚರ್ಮಕ್ಕೆ ತಾಗಿದರೆ ಸಾಕು, ಹೆಬ್ಬೆರಳಿನಿಂದ ಒತ್ತಿ ತೀಡಬೇಡಿ.
3. ಒಂದು ತುದಿಯಿಂದ ಮೇಲಕ್ಕೆತ್ತಿ ತೆಗೆದು ಬಿಸಾಡಿ. ಅದೇ ತುಂಡನ್ನು ಮತ್ತೆ ಅಂಟಿಸಿದರೆ ತೆಗೆದ ಕೂದಲನ್ನು ವಾಪಸು ನೆಟ್ಟಂತೆ.
4. ಒಂದೊಂದು ಜಾಗಕ್ಕೂ ಹೊಸ ಹೊಸ ತುಂಡಿನಿಂದ ನಾಲ್ಕಾರು ಸಲ ಮಾಡಿ. ದದ್ದಿನ ಸುತ್ತ ಎರಡು ಬೆರಳಗಲದ ಚೆನ್ನಾಗಿರುವ ಚರ್ಮವನ್ನೂ ಸೇರಿಸಿಕೊಳ್ಳಿ, ಅಲ್ಲಿಯೂ ಕೂದಲು ಕೂತಿರಬಹುದು.

ತೆಗೆದ ಟೇಪನ್ನು ಬೆಳಕಿಗೆ ಹಿಡಿದರೆ ಉದ್ದ ಕೂದಲುಗಳು ಕಾಣಬಹುದು, ಕಾಣದೆಯೂ ಇರಬಹುದು. ಕಾಣದಿದ್ದರೆ ಕೆಲಸ ಆಗಿಲ್ಲ ಎಂದಲ್ಲ. ಈಗಾಗಲೇ ಗುಳ್ಳೆ ಒಡೆದ, ಸಿಪ್ಪೆ ಸುಲಿದ ಜಾಗಕ್ಕೂ ವಯಸ್ಸಾದವರ ತೆಳು ಚರ್ಮಕ್ಕೂ ಪಾರ್ಸೆಲ್ ಟೇಪ್ ಬೇಡ, ಅದು ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ.

ಟೇಪಿನ ನಂತರ ನಲ್ಲಿಯ ಹರಿಯುವ ನೀರಿನಡಿ ಹಿಡಿದು, ಅಂಗೈಯಲ್ಲಿ ಸೋಪಿನ ನೊರೆ ಮಾಡಿ, ನೊರೆಯನ್ನು ದದ್ದಿನ ಮೇಲೆ ಜಾರಿಬಿಟ್ಟು ತೊಳೆಯಿರಿ. ಬಕೆಟ್ಟಿನಲ್ಲಿ ಕೈ ಅದ್ದಿದರೆ ತೇಲುವ ಕೂದಲು ಇನ್ನೊಂದು ಕೈಗೂ ಹತ್ತುತ್ತದೆ. ಟವೆಲಿನಿಂದ ಒರೆಸದೆ ಗಾಳಿಗೆ ಆರಲು ಬಿಡಿ. ಹುಳ ಕಂಡಷ್ಟು ಜಾಗ ತೊಳೆದು ನಿಲ್ಲಿಸಬೇಡಿ, ಕೈಗಳನ್ನು ಉಗುರಿನಡಿಯವರೆಗೂ ತೊಳೆಯಿರಿ. ಮುಖ ಮುಟ್ಟುವುದು ಆಮೇಲೆ.

ಸೊನೆಯಾದರೆ: ಮೊದಲು ಸೋಪು, ಉಜ್ಜಾಟವೂ ಬೇಕು

ಉರುಶಿಯಾಲ್ ಜಾತಿಯ ಎಣ್ಣೆ ಚರ್ಮದ ಮೇಲೆ ಬಿದ್ದ ಕ್ಷಣದಿಂದ ಒಳಗಿಳಿದು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳಲು ಶುರುಮಾಡುತ್ತದೆ. 10 ನಿಮಿಷದೊಳಗೆ ಚೆನ್ನಾಗಿ ತೊಳೆದರೆ ಸುಮಾರು ಅರ್ಧದಷ್ಟನ್ನು ತೆಗೆಯಬಹುದು. ಅರ್ಧ ಗಂಟೆ ಕಳೆದರೆ ಹತ್ತರಲ್ಲಿ ಒಂದು ಪಾಲಷ್ಟೇ ಕೈಗೆ ಸಿಗುತ್ತದೆ. ಒಂದು ಗಂಟೆಯ ಮೇಲೆ ತೊಳೆದರೆ ಚರ್ಮದೊಳಗೆ ಹೋದದ್ದು ಹೊರಬರುವುದಿಲ್ಲ. ಆದರೂ ತೊಳೆಯಲೇಬೇಕು, ಮೇಲ್ಮೈಯಲ್ಲಿ ಉಳಿದದ್ದು ಮುಖಕ್ಕೋ ಮಗುವಿಗೋ ದಾಟದಿರಲಿ ಎಂಬ ಕಾರಣಕ್ಕೆ. ಸೊನೆ ತಾಗಿದ್ದು ಗೊತ್ತಾದರೆ ಕೆಲಸ ಮುಗಿಸಿಯೇ ಏಳೋಣ ಎಂದು ಕಾಯಬಾರದು.

ಇದು ಜಿಡ್ಡು, ಹಾಗಾಗಿ ಪಾತ್ರೆ ತೊಳೆಯುವ ದ್ರವಸೋಪು ಮೈಸೋಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕೈಗೆ ಗ್ರೀಸು ಮೆತ್ತಿದಾಗ ಹೇಗೆ ತೊಳೆಯುತ್ತೀರೋ ಹಾಗೆಯೇ ತೊಳೆಯಬೇಕು. ವ್ಯತ್ಯಾಸ ಇಷ್ಟೇ: ಗ್ರೀಸು ಎಲ್ಲಿ ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ, ಈ ಎಣ್ಣೆ ಕಾಣುವುದಿಲ್ಲ. ಮೊದಲು ಧಾರಾಳ ತಣ್ಣೀರು ಹರಿಸಿ. ಒದ್ದೆ ಬಟ್ಟೆಗೆ ದ್ರವಸೋಪು ಹಾಕಿ ಮೊಣಕೈಯಿಂದ ಬೆರಳಿನ ಕಡೆಗೆ ಒಂದೇ ದಿಕ್ಕಿನಲ್ಲಿ ಸವರಿ. ಹಿಂದೆಮುಂದೆ ತಿಕ್ಕಿದರೆ ಎದ್ದ ಎಣ್ಣೆಯನ್ನೇ ಮತ್ತೆ ಹರಡಿದಂತಾಗುತ್ತದೆ. ನೀರು ಹಾಕಿ, ಬಟ್ಟೆಯ ಮಗ್ಗುಲು ಬದಲಿಸಿ, ಮತ್ತೆ ಸೋಪು. ಹೀಗೆ ಒಟ್ಟು ಮೂರು ಸುತ್ತು. ಬೆರಳಸಂದಿ, ಉಗುರಿನಡಿ, ಗಡಿಯಾರದ ಪಟ್ಟಿಯ ಕೆಳಗೆ, ಉಂಗುರದ ಕೆಳಗೆ ಮರೆಯಬೇಡಿ. ಬಟ್ಟೆಯಿಂದ ಉಜ್ಜುವುದು ಎಂದರೆ ಕೊಳೆ ತೆಗೆಯುವಷ್ಟು, ಚರ್ಮ ಕೆಂಪಾಗುವಷ್ಟಲ್ಲ. ಗಟ್ಟಿ ಬ್ರಷ್ ಹಾಕಿ ಗೀರಿದರೆ ಎಣ್ಣೆಗೆ ಒಳಹೋಗಲು ದಾರಿ ಮಾಡಿಕೊಟ್ಟಂತೆ.

ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಒಂದು, ಬಿಸಿನೀರಿನ ಸ್ನಾನ. ಸೋಪು ಹಾಕುವ ಮೊದಲೇ ಮೈಮೇಲೆಲ್ಲ ನೀರು ಸುರಿದುಕೊಂಡರೆ ಕೈಯಲ್ಲಿದ್ದದ್ದು ಹೊಟ್ಟೆಗೂ ತೊಡೆಗೂ ಹರಿದು ಹೋಗಬಹುದು. ಮೊದಲು ತಾಗಿದ ಜಾಗ, ಆಮೇಲೆ ಸ್ನಾನ. ಎರಡು, ಅಡುಗೆ ಎಣ್ಣೆ ಹಚ್ಚಿ ಬಿಡುವುದು. ಎಣ್ಣೆ ಗಟ್ಟಿಯಾದ ಸೊನೆಯನ್ನು ಸಡಿಲಿಸುತ್ತದೆ ಎಂಬುದು ನಿಜವೇ, ಆದರೆ ಸಡಿಲವಾದದ್ದನ್ನು ತಕ್ಷಣ ಸೋಪಿನಿಂದ ತೆಗೆಯದಿದ್ದರೆ ಅದು ಅಗಲಕ್ಕೆ ಹರಡುತ್ತದೆ. ಸೀಮೆಎಣ್ಣೆ, ಪೆಟ್ರೋಲು, ತಿನ್ನರ್ ಅಂತೂ ಬೇಡವೇ ಬೇಡ. ಅವು ಚರ್ಮದ ಸಹಜ ಜಿಡ್ಡನ್ನು ಕಿತ್ತು ಇನ್ನೊಂದು ದದ್ದನ್ನು ತರುತ್ತವೆ.

ಹಾಲು ಒಸರುವ ಗಿಡಗಳದ್ದು ಸ್ವಲ್ಪ ಬೇರೆ. ಹಾಲು ಒಣಗಿ ರಬ್ಬರಿನಂತೆ ಆಗುವ ಮೊದಲೇ ಸೋಪುನೀರಿನಿಂದ ತೊಳೆದರೆ ಸಲೀಸಾಗಿ ಹೋಗುತ್ತದೆ. ನಿಂಬೆ ಜಾತಿಯ ರಸವಾದರೆ ಸೋಪು ಹಾಕಿ ಒಮ್ಮೆ ತೊಳೆದು, ಆ ಜಾಗವನ್ನು ಎರಡು ದಿನ ಬಿಸಿಲಿಗೆ ಒಡ್ಡದೆ ಬಟ್ಟೆಯಿಂದ ಮುಚ್ಚಿಡಿ. ಅದರ ಗಾಯ ಆಗುವುದು ರಸ ಮತ್ತು ಬಿಸಿಲು ಎರಡೂ ಸೇರಿದಾಗ. ಉಳಿಯುವ ಕಂದು ಕಲೆ ತಿಂಗಳುಗಟ್ಟಲೆ ನಿಲ್ಲಬಹುದು, ತಾನಾಗಿ ಮಾಸುತ್ತದೆ, ಅದನ್ನು ಬ್ಲೀಚು ಮಾಡಲು ಹೋಗಿ ಹೊಸ ಉರಿ ತಂದುಕೊಳ್ಳಬೇಡಿ.

ಎರಡರಲ್ಲಿ ಯಾವುದೆಂದು ಗೊತ್ತಾಗದಿದ್ದರೆ

ಪೊದೆಯೊಳಗೆ ನುಗ್ಗಿ ಬಂದವರಿಗೆ ಎರಡೂ ಹತ್ತಿರಬಹುದು. ಅಂಥಾಗ ಒಂದು ನಿಮಿಷದಲ್ಲಿ ಟೇಪಿನ ಕೆಲಸ ಮುಗಿಸಿ, ನೇರ ಸೋಪಿಗೆ ಹೋಗಿ. ಸೊನೆಯಷ್ಟೇ ಇದ್ದಿದ್ದರೆ ಟೇಪಿನಿಂದ ಹೋದದ್ದು ಒಂದು ನಿಮಿಷ ಮಾತ್ರ. ಕೂದಲಿದ್ದೂ ಮೊದಲೇ ಬಟ್ಟೆಯಿಂದ ಉಜ್ಜಿದ್ದರೆ ಅದನ್ನು ಸರಿಪಡಿಸುವ ದಾರಿ ಇರುತ್ತಿರಲಿಲ್ಲ. ಟೇಪು ಕೈಗೆ ಸಿಗದಿದ್ದರೆ ಹುಡುಕುತ್ತಾ ಹೊತ್ತು ಕಳೆಯದೆ ನಲ್ಲಿಯ ಜೋರು ನೀರಿಗೆ ಹಿಡಿಯಿರಿ, ನೊರೆಯನ್ನು ಅಂಗೈಯಿಂದ ಹಗುರವಾಗಿ ಹಚ್ಚಿ.

ತಣಿಸುವುದು

ತೊಳೆದಾದ ಮೇಲೆ ಉಳಿಯುವುದು ದೇಹದ ಪ್ರತಿಕ್ರಿಯೆ. ಅದನ್ನು ಅಳಿಸಲಾಗದು, ಸಹಿಸುವಷ್ಟಕ್ಕೆ ಇಳಿಸಬಹುದು. ಇದರಲ್ಲಿ ಎಲ್ಲಕ್ಕಿಂತ ಭರವಸೆಯದು ತಣ್ಣನೆಯ ಒದ್ದೆ ಬಟ್ಟೆ. ಹತ್ತಿಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ, ದದ್ದಿನ ಮೇಲೆ 15ರಿಂದ 20 ನಿಮಿಷ ಇಡಿ, ಬೆಚ್ಚಗಾದಂತೆ ಮತ್ತೆ ಅದ್ದಿ. ದಿನಕ್ಕೆ ಮೂರ್ನಾಲ್ಕು ಸಲ. ನೀರ್ಗುಳ್ಳೆ ಒಡೆದು ಸೋರುತ್ತಿದ್ದರೆ ಇದು ಒಣಗಿಸಲೂ ನೆರವಾಗುತ್ತದೆ. ಐಸು ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ, ಹತ್ತು ನಿಮಿಷಕ್ಕೆ ನಿಲ್ಲಿಸಿ. ಬಿಸಿನೀರು ಬಿಟ್ಟುಕೊಂಡರೆ ಆ ಕ್ಷಣಕ್ಕೆ ತುರಿಕೆ ಸತ್ತಂತೆನಿಸಿ ಹಾಯೆನಿಸುತ್ತದೆ, ಆಮೇಲೆ ದುಪ್ಪಟ್ಟಾಗಿ ಮರಳುತ್ತದೆ.

ಆಮೇಲೆ ಕ್ಯಾಲಮೈನ್ ಲೋಷನ್. ಬಾಟಲಿಯನ್ನು ಚೆನ್ನಾಗಿ ಕುಲುಕಿ, ತೆಳುವಾಗಿ ಹಚ್ಚಿ ಆರಲು ಬಿಡಿ. ದಪ್ಪಗೆ ಬಳಿದು ಪದರ ಕಟ್ಟಿದರೆ ಅದು ಬಿರುಕು ಬಿಟ್ಟು ಎಳೆದು ಮತ್ತೆ ತುರಿಸುತ್ತದೆ.

ಹೈಡ್ರೋಕಾರ್ಟಿಸೋನ್ 1% ಕ್ರೀಮು ಊತವನ್ನೂ ಕೆಂಪನ್ನೂ ಇಳಿಸುತ್ತದೆ. ಎಷ್ಟು ಹಚ್ಚಬೇಕೆಂಬುದಕ್ಕೆ ಒಂದು ಅಳತೆಯಿದೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಉದ್ದದಷ್ಟು ಕ್ರೀಮು ಎರಡು ಅಂಗೈಯಗಲದ ಚರ್ಮಕ್ಕೆ ಸಾಕು. ದಿನಕ್ಕೆ ಎರಡು ಸಲ, ಒಂದು ವಾರದವರೆಗೆ. ಸಿಪ್ಪೆ ಕಿತ್ತ ಗಾಯಕ್ಕೆ, ಕಣ್ಣಿನ ಸುತ್ತ ಇದು ಬೇಡ. ಗುಳ್ಳೆ ಏಳುವ ಮೊದಲೇ ಹಚ್ಚಿದರೆ ಫಲ ಹೆಚ್ಚು. ಸೊನೆಯ ದದ್ದು ಪೂರ್ತಿ ಉಬ್ಬಿ ನೀರು ತುಂಬಿಕೊಂಡ ಮೇಲೆ ಈ ಸೌಮ್ಯ ಸ್ಟೀರಾಯ್ಡ್ ಕ್ರೀಮಿನಿಂದ ಹೆಚ್ಚೇನೂ ಆಗದು, ಆಗ ಬೇಕಾಗುವ ಗಟ್ಟಿ ಸ್ಟೀರಾಯ್ಡನ್ನು ವೈದ್ಯರೇ ಬರೆದುಕೊಡಬೇಕು. ಹಳೆಯ ಚೀಟಿಯ ಟ್ಯೂಬನ್ನು ಮುಖಕ್ಕೂ ತೊಡೆಸಂದಿಗೂ ಬಳಿಯುವ ಅಭ್ಯಾಸ ಒಳ್ಳೆಯದಲ್ಲ, ಅಲ್ಲಿನ ಚರ್ಮ ತೆಳುವಾಗಿ ಕೆಡುತ್ತದೆ.

ನುಂಗುವ ಮಾತ್ರೆಯಲ್ಲಿ ಎರಡಕ್ಕೂ ಒಂದೇ ಫಲ ನಿರೀಕ್ಷಿಸಬಾರದು. ಕೂದಲಿನ ದದ್ದಿನಲ್ಲಿ ಹಿಸ್ಟಮೀನಿನ ಪಾತ್ರ ದೊಡ್ಡದು, ಆದ್ದರಿಂದ ಅದನ್ನು ತಡೆಯುವ ಸೆಟ್ರಿಜಿನ್ 10 ಮಿಲಿಗ್ರಾಂ ಮಾತ್ರೆಯನ್ನು ದೊಡ್ಡವರು ದಿನಕ್ಕೊಂದು ನುಂಗಿದರೆ ಗಂದೆ ಇಳಿಯುವುದು ಕಾಣುತ್ತದೆ. ಸೊನೆಯ ಅಲರ್ಜಿ ಬೇರೆ ಬಗೆಯದು, ರಕ್ತದ ಬಿಳಿಕೋಶಗಳು ನಡೆಸುವ ನಿಧಾನದ ಯುದ್ಧ. ಅಲ್ಲಿ ಇದೇ ಮಾತ್ರೆ ತುರಿಕೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ, ಮಂಪರು ತರಿಸುವ ಹಳೆಯ ಬಗೆಯ ಮಾತ್ರೆ ರಾತ್ರಿ ನಿದ್ದೆಗೆ ಸಹಾಯವಾಗಬಹುದು ಅಷ್ಟೆ. ಅದನ್ನು ನುಂಗಿ ಗಾಡಿ ಓಡಿಸಬಾರದು. ಮಕ್ಕಳಿಗೆ, ಗರ್ಭಿಣಿಯರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಕೇಳದೆ ಕೊಡಬೇಡಿ. ಇನ್ನೊಂದು ಮಾತು: ಅಲರ್ಜಿ ಔಷಧಿಯನ್ನೇ ಕ್ರೀಮಿನ ರೂಪದಲ್ಲಿ ಹಚ್ಚುವುದು, ಮರಗಟ್ಟಿಸುವ ಬೆಂಜೋಕೇನ್ ಇರುವ ಮುಲಾಮು ಹಚ್ಚುವುದು ಬೇಡ. ಕೆರಳಿದ ಚರ್ಮಕ್ಕೆ ಅವುಗಳಿಂದಲೇ ಹೊಸ ಅಲರ್ಜಿ ಹತ್ತಬಹುದು.

ನೀರ್ಗುಳ್ಳೆಯನ್ನು ಸೂಜಿಯಿಂದ ಚುಚ್ಚಬೇಡಿ. ಅದರ ನೀರು ತಾಗಿದರೆ ಪಕ್ಕಕ್ಕೆ ಹರಡುತ್ತದೆ ಎಂಬ ಭಯವೂ ಬೇಡ, ಅದರಲ್ಲಿ ಸೊನೆ ಇರುವುದಿಲ್ಲ, ಇನ್ನೊಬ್ಬರಿಗೂ ಹತ್ತುವುದಿಲ್ಲ. ಹೊಸ ಹೊಸ ಜಾಗದಲ್ಲಿ ದಿನ ಬಿಟ್ಟು ದದ್ದು ಏಳುವುದಕ್ಕೆ ಕಾರಣ ಬೇರೆ. ಹೆಚ್ಚು ಸೊನೆ ಬಿದ್ದ ಕಡೆ, ಚರ್ಮ ತೆಳುವಾಗಿರುವ ಕಡೆ ಮೊದಲು ಏಳುತ್ತದೆ. ಕಡಿಮೆ ಬಿದ್ದ ಕಡೆ, ದಪ್ಪ ಚರ್ಮದ ಕಡೆ ತಡವಾಗಿ ಏಳುತ್ತದೆ. ಆದರೆ ಒಂದು ವಾರವಾದರೂ ಹೊಸ ಗೆರೆ ಮೂಡುತ್ತಲೇ ಇದ್ದರೆ ಸೊನೆ ಇನ್ನೂ ಎಲ್ಲೋ ಉಳಿದಿರಬಹುದು. ಕತ್ತಿಯ ಹಿಡಿ, ಕತ್ತರಿ, ಚಪ್ಪಲಿಯ ಪಟ್ಟಿ, ಮೊಬೈಲು, ನಾಯಿಯ ಮೈ ಎಲ್ಲವನ್ನೂ ನೋಡಬೇಕು.

ಒಂದು ಉದಾಹರಣೆ

ಒಬ್ಬರು ಬೆಳಿಗ್ಗೆ 10 ಗಂಟೆಗೆ ಮಾವಿನ ಕೊಂಬೆ ಸವರಿದ್ದಾರೆ ಎನ್ನೋಣ. ಅರ್ಧ ತೋಳಿನ ಅಂಗಿ, ಕೈಗವಸಿಲ್ಲ. ಹತ್ತೂವರೆಗೆ ಬಲಗಡೆ ಕತ್ತು ತುರಿಸತೊಡಗಿತು, ಕಾಲರಿನ ಗುಂಟ ಸಣ್ಣ ಗುಳ್ಳೆಗಳ ಸಾಲು. ಅರ್ಧ ಗಂಟೆಯೊಳಗೆ ಬಂದ ತುರಿಕೆ, ಬಟ್ಟೆಯಂಚಿನ ಜಾಗ: ಇದು ಎಲೆಯಡಿಯ ಹುಳದ ಕೂದಲು. ಅಂಗಿ ಬಿಚ್ಚಿ, ಟೇಪು ಹಾಕಿ, ತೊಳೆದು, ತಣ್ಣನೆ ಬಟ್ಟೆ ಇಟ್ಟು ಒಂದು ಸೆಟ್ರಿಜಿನ್ ನುಂಗಿದರು. ಸಂಜೆಗೆ ಅರ್ಧ ಇಳಿಯಿತು. ಕೈಗಳನ್ನು ಮಾತ್ರ ಬರೀ ನೀರಿನಲ್ಲಿ ಅದ್ದಿ ಒರೆಸಿಕೊಂಡಿದ್ದರು, ಅಲ್ಲಿ ತುರಿಕೆಯೇ ಇರಲಿಲ್ಲವಲ್ಲ.

ಎರಡು ದಿನ ಕಳೆದು ಎಡ ಮುಂಗೈಯಲ್ಲಿ ಮೂರು ಉದ್ದನೆಯ ಗೆರೆ, ಅದರ ಮೇಲೆ ನೀರ್ಗುಳ್ಳೆ. ಹುಳದ್ದೇ ಹರಡಿತು ಎಂದುಕೊಂಡು ಮತ್ತೆ ಟೇಪು ಹಾಕಿದರೆ ಗುಳ್ಳೆ ಹರಿದು ಗಾಯವಾಗುತ್ತದೆ. ಲೆಕ್ಕ ನೋಡಿ: 48 ಗಂಟೆ, ಕೊಂಬೆ ಹಿಡಿದ ಕೈ, ಗುಳ್ಳೆಗಳ ಸಾಲು. ಇದು ಕತ್ತರಿಸಿದ ತುದಿಯಿಂದ ಇಳಿದ ಸೊನೆ. ಈಗ ಕೈ ತೊಳೆದು ಪ್ರಯೋಜನ ಕಡಿಮೆ, ಆದರೆ ಕತ್ತಿಯ ಹಿಡಿಯನ್ನೂ ಬುಟ್ಟಿಯಲ್ಲಿ ಬಿದ್ದಿರುವ ಅಂಗಿಯನ್ನೂ ತೊಳೆಯುವುದು ತುರ್ತು. ಕೈಗೆ ಒದ್ದೆ ಬಟ್ಟೆ, ಕ್ಯಾಲಮೈನ್. ಕತ್ತಿನದು ಮೂರ್ನಾಲ್ಕು ದಿನದಿಂದ ಒಂದು ವಾರದಲ್ಲಿ ಮಾಯುತ್ತದೆ, ಕೈಯದಕ್ಕೆ ಎರಡರಿಂದ ಮೂರು ವಾರ ಬೇಕು. ಎರಡನ್ನೂ ಒಂದೇ ಎಂದು ತಿಳಿದರೆ ಕೈಯದು ವಾಸಿಯಾಗುತ್ತಿಲ್ಲ ಎಂಬ ಗಾಬರಿಯಲ್ಲಿ ಹತ್ತು ಬಗೆಯ ಮುಲಾಮು ಬಳಿದು ಕೆಡಿಸಿಕೊಳ್ಳುತ್ತಾರೆ.

ಬಟ್ಟೆಯನ್ನು ಉಳಿದವುಗಳ ಜೊತೆ ಹಾಕದೆ ಬೇರೆಯಾಗಿ, ಬಿಸಿನೀರಿನಲ್ಲಿ ಮಾರ್ಜಕ ಹಾಕಿ ಒಗೆಯಿರಿ. ಒಗೆಯುವ ಮೊದಲು ಮನೆಯೊಳಗೆ ಕೊಡವಬೇಡಿ. ಸಲಕರಣೆಯನ್ನು ದ್ರವಸೋಪಿನಲ್ಲಿ ತೊಳೆದು ಸ್ಪಿರಿಟ್ಟಿನಿಂದ ಒರೆಸಿ. ತೆಳು ಲೇಟೆಕ್ಸ್ ಕೈಗವಸಿನೊಳಕ್ಕೆ ಈ ಎಣ್ಣೆ ಇಳಿಯುತ್ತದೆ, ನೈಟ್ರೈಲ್ ಅಥವಾ ವಿನೈಲಿನದು ಹಾಕಿಕೊಳ್ಳಿ. ಕಡಿದ ಕೊಂಬೆಗಳನ್ನಾಗಲಿ ಹುಳದ ಗೂಡನ್ನಾಗಲಿ ಸುಡುವುದಂತೂ ಸಲ್ಲದು. ಸೊನೆ ಹೊಗೆಯ ಜೊತೆ, ಕೂದಲು ಬಿಸಿಗಾಳಿಯ ಜೊತೆ ಎದ್ದು ಮೂಗು, ಗಂಟಲು, ಶ್ವಾಸಕೋಶಕ್ಕೆ ಹೋಗುತ್ತದೆ. ಹುಳವೇ ಇಲ್ಲದ ಹಳೆಯ ಗೂಡಿನಲ್ಲಿಯೂ ಕೂದಲು ವರ್ಷ ಕಳೆದರೂ ತುರಿಸುವಷ್ಟು ಚುರುಕಾಗಿರುತ್ತದೆ.

ಮನೆಯಲ್ಲಿ ನಿಲ್ಲಿಸದೆ ವೈದ್ಯರ ಬಳಿ ಹೋಗಬೇಕಾದದ್ದು

ಕಣ್ಣಿಗೆ ಬಿದ್ದರೆ ಮೊದಲ ಮಾತು, ಉಜ್ಜಬೇಡಿ. ಹಾಲು ಅಥವಾ ಸೊನೆಯಾದರೆ ರೆಪ್ಪೆ ಅಗಲಿಸಿ ಹದ ಬೆಚ್ಚನೆಯ ಶುದ್ಧ ನೀರನ್ನು 15ರಿಂದ 20 ನಿಮಿಷ ಹರಿಸಿ, ಆಮೇಲೆ ನೇತ್ರವೈದ್ಯರಲ್ಲಿಗೆ ಹೋಗಿ. ಕಳ್ಳಿಯ ಹಾಲಿನ ಉರಿ ತೊಳೆದ ಮೇಲೂ ಗಂಟೆಗಳು ಕಳೆದಂತೆ ಏರುತ್ತದೆ, ಸ್ವಲ್ಪ ಹಾಯೆನಿಸಿತು ಎಂದು ಬಿಡುವಂತಿಲ್ಲ. ಕೂದಲಾದರೆ ನೀರಿಗೆ ಹೋಗದೆ ಉಳಿದದ್ದು ಮುಳ್ಳಿನ ಬಲದಿಂದ ಕಣ್ಣಿನ ಒಳಪದರಕ್ಕೆ ಸರಿಯಬಹುದು. ಅದನ್ನು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ನೋಡಿಯೇ ತೆಗೆಯಬೇಕು.

ಉಸಿರು ಕಟ್ಟಿದಂತಾಗುವುದು, ತುಟಿ ನಾಲಿಗೆ ಊದುವುದು, ತಲೆಸುತ್ತಿ ಬೀಳುವಂತಾಗುವುದು, ಮಗು ಹುಳವನ್ನು ಬಾಯಿಗೆ ಹಾಕಿಕೊಂಡದ್ದು ಇವು ನೇರ ತುರ್ತುಚಿಕಿತ್ಸೆಗೆ. ದಕ್ಷಿಣ ಅಮೆರಿಕದ ಲೊನೋಮಿಯಾ ಎಂಬ ಕಂಬಳಿಹುಳ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಹುಳ ತಾಗಿದ ಮೇಲೆ ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ ಕಂಡರೆ ಒಂದು ಗಂಟೆಯೂ ಕಾಯಬಾರದು.

ಸೊನೆಯ ದದ್ದು ಮುಖ, ರೆಪ್ಪೆ, ಜನನಾಂಗದ ಭಾಗಕ್ಕೆ ಬಂದಿದ್ದರೆ ಅಥವಾ ಮೈಯ ಕಾಲು ಭಾಗದಷ್ಟು ಹಬ್ಬಿದ್ದರೆ ವೈದ್ಯರು ಸ್ಟೀರಾಯ್ಡ್ ಮಾತ್ರೆಯನ್ನು ಎರಡು ಮೂರು ವಾರಕ್ಕೆ ಕ್ರಮೇಣ ಇಳಿಸುತ್ತಾ ಕೊಡುವುದುಂಟು. ಐದಾರು ದಿನಕ್ಕೆ ಕಡಿಮೆಯಾಯಿತೆಂದು ನಡುವೆ ಬಿಟ್ಟರೆ ದದ್ದು ಮೊದಲಿಗಿಂತ ಜೋರಾಗಿ ಎದ್ದು ಬರುತ್ತದೆ.

ಕೊನೆಗೆ ಇನ್ನೊಂದು ಬಗೆಯ ಗೆರೆಯಿದೆ. ಮೂರ್ನಾಲ್ಕು ದಿನದ ನಂತರ ಕೆರೆದ ಜಾಗ ಬಿಸಿಯಾಗಿ, ಕೀವು ಕಟ್ಟಿ, ತುರಿಕೆ ಹೋಗಿ ನೋವು ಬಂದು, ಅಲ್ಲಿಂದ ಕಂಕುಳಿನ ಕಡೆಗೋ ತೊಡೆಸಂದಿನ ಕಡೆಗೋ ನಯವಾದ ಒಂದೇ ಕೆಂಪು ಗೆರೆ ಏರುತ್ತಿದ್ದರೆ, ಜ್ವರವೂ ಕಂಡರೆ, ಅದು ಹುಳದ್ದೂ ಅಲ್ಲ, ಗಿಡದ್ದೂ ಅಲ್ಲ. ಸೋಂಕು ದುಗ್ಧನಾಳದಲ್ಲಿ ಮೇಲೇರುತ್ತಿದೆ. ಅದರ ತುದಿಗೆ ಪೆನ್ನಿನಿಂದ ಗುರುತು ಹಾಕಿಕೊಂಡು ಅದೇ ದಿನ ವೈದ್ಯರಿಗೆ ತೋರಿಸಿ. ಅದಕ್ಕೆ ಬೇಕಾದದ್ದು ಆ್ಯಂಟಿಬಯಾಟಿಕ್.